ತಂಗಿಗೆ ಬೆಳ್ಳಂದೂರಲ್ಲಿ ಲೇಡೀಸ್ ಪಿಜಿ: ನೋಡೋಕೆ ಹೋದಾಗ ಏನೇನು ಕೇಳ್ಬೇಕು?

ಸಾಗರದ ಸೀಮೆ

ಎಲ್ಲರಿಗೂ ನಮಸ್ಕಾರ. ತಂಗಿಗೆ ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಶಿಫ್ಟು ಮಧ್ಯಾಹ್ನ 1ರಿಂದ ರಾತ್ರಿ 10. ಕಂಪನಿ ಕ್ಯಾಬ್ ಇದೆ, ಆದರೂ ಪಿಜಿ ಮುಟ್ಟೋಷ್ಟರಲ್ಲಿ 11 ಆಗುತ್ತೆ, ಟ್ರಾಫಿಕ್ ಇದ್ದ ದಿನ 11:20. ಮೂರು ಲೇಡೀಸ್ ಪಿಜಿಗೆ ಫೋನ್ ಮಾಡಿ ವಿಚಾರಿಸಿದೆ. ಮೂರೂ ಕಡೆ ಒಂದೇ ಪಾಠ: "ಫುಡ್ ಇದೆ, ವಾಷಿಂಗ್ ಮಿಷನ್ ಇದೆ, ಅಡ್ವಾನ್ಸ್ ರಿಫಂಡಬಲ್, ಬಂದು ನೋಡಿ ಸರ್." ಡಬಲ್ ಶೇರಿಂಗ್‌ಗೆ ತಿಂಗಳಿಗೆ 9,000, ಅಡ್ವಾನ್ಸೂ 9,000 ಅಂದಿದ್ದಾರೆ. ಈ ಶನಿವಾರ ಊರಿಂದ ಬಂದು ಮೂರನ್ನೂ ನೋಡಿ ಒಂದನ್ನ ಫಿಕ್ಸ್ ಮಾಡ್ಬೇಕು. ಊಟದ ಟೈಮು, ರಾತ್ರಿ ಗೇಟು, ಬಟ್ಟೆ ಒಗೆಯೋದು, ಮನೆಯವರು ಬಂದರೆ ಏನು, ನೋಟಿಸು, ಅಡ್ವಾನ್ಸ್ ವಾಪಸ್ಸು, ಇದನ್ನೆಲ್ಲ ಹೇಗೆ ಕೇಳಿದ್ರೆ ನಿಜವಾದ ಉತ್ತರ ಬರುತ್ತೆ?

ಲೀಸ್ ಮನೆ ಬೇಕು

ಬ್ರದರ್, ಬೆಳ್ಳಂದೂರಲ್ಲಿ 9,000ಕ್ಕೆ ಮನೆ ಸಿಗೋದು ಡೌಟು. ಅಗ್ರಿಮೆಂಟು 11 ತಿಂಗಳದ್ದು ಮಾಡಿಸಿ, ಸ್ಟಾಂಪ್ ಪೇಪರ್ ಓನರ್ ಹೆಸರಲ್ಲಿರಲಿ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರ್ಕೋತಾರೆ ನೋಡ್ಕೊಳ್ಳಿ.

ಗೇಟ್ ಕೀಲಿಕೈ

ಮೇಲಿನವರೇ, ಅವರು ಕೇಳ್ತಿರೋದು ಪಿಜಿ, ಬಾಡಿಗೆ ಮನೆ ಅಲ್ಲ. ಅಲ್ಲಿ ಪೇಂಟಿಂಗ್ ಬದಲು "ಮೇಂಟೆನೆನ್ಸ್" ಅಂತಾರೆ, ಅದಕ್ಕೆ ಆಮೇಲೆ ಬರ್ತೀನಿ.

ಲೇಡೀಸ್ ಪಿಜಿ ಮ್ಯಾನೇಜರ್ ಕೆಲಸ ಮಾಡಿದ ಲೆಕ್ಕದಲ್ಲಿ ಹೇಳ್ತೀನಿ. "ಊಟ ಇದೆಯಾ" ಅಂತ ಕೇಳಿದ್ರೆ "ಇದೆ" ಅಂತಲೇ ಉತ್ತರ ಬರೋದು, ಯಾಕಂದ್ರೆ ಇದೆ. ನಿಮ್ಮ ತಂಗಿ ಶಿಫ್ಟನ್ನ ಮೊದಲು ಮುಂದಿಟ್ಟು, ಆಮೇಲೆ ಪ್ರಶ್ನೆ ಕೇಳಿ. "ನಮ್ಮ ಹುಡುಗಿ ರಾತ್ರಿ 11:20ಕ್ಕೆ ಗೇಟಿಗೆ ಬರ್ತಾಳೆ. ಆಗ ಗೇಟ್ ತೆಗೆಯೋರು ಯಾರು, ತಟ್ಟೆಯಲ್ಲಿ ಏನಿರುತ್ತೆ?" ಇಷ್ಟು ಕೇಳಿದ್ರೆ ಮ್ಯಾನೇಜರ್ ಒಂದು ಕ್ಷಣ ಯೋಚನೆ ಮಾಡ್ಬೇಕಾಗುತ್ತೆ. ಆಮೇಲೆ ಬರೋ ಮಾತೇ ನಿಮಗೆ ಬೇಕಾದ್ದು.

ಊಟದ ಕಥೆ ಹೀಗೆ. ಬೆಳಗಿನ ತಿಂಡಿ ಸಾಮಾನ್ಯವಾಗಿ 7:30ರಿಂದ 9:30 ಅಥವಾ 10, ರಾತ್ರಿ ಊಟ 8ರಿಂದ 10. ವಾರದ ದಿನ ಮಧ್ಯಾಹ್ನ ಬಿಸಿ ಅಡುಗೆ ಬಹಳ ಪಿಜಿಗಳಲ್ಲಿ ಇಲ್ಲ. ಬೆಳಗ್ಗೆ ತಿಂಡಿ ಜೊತೆಗೇ ಅನ್ನ, ಒಂದು ಪಲ್ಯ ಇಟ್ಟಿರ್ತಾರೆ, ಆಫೀಸಿಗೆ ಹೋಗೋರು ಅವರವರೇ ಡಬ್ಬಿಗೆ ತುಂಬ್ಕೊಂಡು ಹೋಗ್ತಾರೆ. ಇದನ್ನೇ ಬೋರ್ಡಲ್ಲಿ "3 ಟೈಮ್ಸ್ ಫುಡ್" ಅಂತ ಬರೆಯೋದು. 1 ಗಂಟೆ ಶಿಫ್ಟಿನವರಿಗೆ ಇಲ್ಲೇ ಎಡವಟ್ಟು. ರಾತ್ರಿ ತಡವಾಗಿ ಮಲಗಿ 9:30ಕ್ಕೆ ಎದ್ರೆ ತಿಂಡಿ ಮುಗೀತಾ ಬಂದಿರುತ್ತೆ, 12 ಗಂಟೆಗೆ ಹೊರಡುವಾಗ ಡೈನಿಂಗ್ ಹಾಲ್ ಖಾಲಿ, ರಾತ್ರಿ 11ಕ್ಕೆ ಅಡುಗೆಮನೆ ಬಂದ್. ಮೂರು ಹೊತ್ತಿಗೆ ದುಡ್ಡು ಕೊಟ್ಟು ಒಂದು ಹೊತ್ತು ತಿಂದಂಗಾಗುತ್ತೆ.

ಹಾಗಾಗಿ ಎರಡೇ ಪ್ರಶ್ನೆ. ಡಬ್ಬಿ ಅನ್ನ 12 ಗಂಟೆವರೆಗೆ ಉಳಿದಿರುತ್ತಾ? ರಾತ್ರಿ ಊಟ ಯಾರು, ಎಲ್ಲಿ, ಯಾವುದರಲ್ಲಿ ತೆಗೆದಿಡ್ತಾರೆ? "ತೆಗೆದಿಡ್ತೀವಿ" ಅನ್ನೋದಕ್ಕೆ ಅರ್ಥ ಒಂದೊಂದು ಕಡೆ ಒಂದೊಂದು. ಕೆಲವು ಕಡೆ ಹೆಸರು ಬರೆದ ಡಬ್ಬಿ ಸಂಜೆನೇ ಕೊಟ್ಟು ಹೋದ್ರೆ ಅಡುಗೆಯವರು 9:30ಕ್ಕೆ ತುಂಬಿಡ್ತಾರೆ. ಇದು ನಿಜವಾಗ್ಲೂ ನಡೆಯೋ ವ್ಯವಸ್ಥೆ. ಇನ್ನು ಕೆಲವು ಕಡೆ ಪಾತ್ರೆ ಮುಚ್ಚಿ ಹಾಲಲ್ಲೇ ಬಿಡ್ತಾರೆ. ಆಗ ಮೊದಲು ಬಂದವರು ಚಪಾತಿ, ಮೊಟ್ಟೆ ಎತ್ತಿರ್ತಾರೆ, 11ಕ್ಕೆ ಬಂದವರಿಗೆ ಅನ್ನ, ರಸಂ. ಚಪಾತಿ ತಲೆಗೆ ಮೂರು ಅಂತ ಲೆಕ್ಕ ಹಾಕಿ ಮಾಡಿರ್ತಾರೆ, ನಾಲ್ಕು ತೆಗೆದವರನ್ನ ಯಾರೂ ಕೇಳಲ್ಲ. ಪಾತ್ರೆ ತೊಳೆಯೋರು 10:30ಕ್ಕೆ ಹೊರಟುಹೋದ್ರೆ ಬೆಳಗಿನ ತನಕ ಎಂಜಲು ಪಾತ್ರೆ ನಿಲ್ಲುತ್ತೆ, ಅದು ಬೇಡ ಅಂತಲೇ ಎಷ್ಟೋ ಕಡೆ ಉಳಿದಿದ್ದನ್ನ 10ಕ್ಕೆ ಸುರಿದುಬಿಡ್ತಾರೆ.

ಶನಿವಾರ ಬರ್ತೀರಾ ಅಂದ್ರೆ ರಾತ್ರಿ 9:30ಕ್ಕೆ ಹೋಗಿ. ಭಾನುವಾರ ಮಧ್ಯಾಹ್ನ ಮಾತ್ರ ಹೋಗ್ಬೇಡಿ, ಅವತ್ತು ಚಿಕನ್ನು, ಪನೀರು ಸ್ಪೆಷಲ್. ಅದನ್ನ ನೋಡಿ ತೀರ್ಮಾನ ಮಾಡೋಕಾಗಲ್ಲ.

ಸಾಗರದ ಸೀಮೆ

ಅಬ್ಬಾ, ಮಧ್ಯಾಹ್ನದ ವಿಷಯ ತಲೆಗೇ ಬಂದಿರಲಿಲ್ಲ. ಗೇಟಿನ ವಿಷಯ ಹೇಳಿ ಸರ್. ಮೂರರಲ್ಲಿ ಎರಡು ಕಡೆ "10:30ಕ್ಕೆ ಗೇಟ್ ಕ್ಲೋಸ್, ಆದ್ರೆ ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅಂದ್ರು.

ನೈಟ್ ಶಿಫ್ಟ್ ನಾಣಿ

ಗೇಟ್ ಕ್ಲೋಸು ಅಂತೆಲ್ಲ ಬರೀ ಬೋರ್ಡಿಗೆ ಗುರು. ನಮ್ಮ ಪಿಜೀಲಿ ಬೆಳಗಿನ ಜಾವ 4ಕ್ಕೆ ಹೋದ್ರೂ ಯಾರೂ ಕೇಳಲ್ಲ, ಬಾಗಿಲಿಗೆ ನಂಬರ್ ಲಾಕ್ ಇದೆ. ನನಗೆ ಇರೋ ತೊಂದರೆ ಬೇರೆ: ಹಗಲು ಮಲಗೋಕೆ ಆಗಲ್ಲ, 11ಕ್ಕೆ ಕಸ ಗುಡಿಸೋಕೆ ಬಂದು ಬಾಗಿಲು ಬಡೀತಾರೆ. ಅದಕ್ಕೇನಾದ್ರೂ ಉಪಾಯ ಇದ್ರೆ ಹೇಳಿ.

ಗೇಟ್ ಕೀಲಿಕೈ

ನಾಣಿ, ನಿಮ್ಮದು ಜೆಂಟ್ಸ್ ಪಿಜಿ. ಲೇಡೀಸ್ ಪಿಜೀಲಿ ಆ ಲೆಕ್ಕ ನಡೆಯಲ್ಲ. ಕಸ ಗುಡಿಸೋ ಸರದಿಯನ್ನ ನಿಮ್ಮ ಫ್ಲೋರಿಗೆ ಸಂಜೆ 4ರ ನಂತರ ಹಾಕಿಸ್ಕೊಳ್ಳಿ, ಗುಡಿಸೋರಿಗಲ್ಲ, ಅವರ ಸೂಪರ್‌ವೈಸರಿಗೆ ಹೇಳಿ.

ಸಾಗರದವರೇ, "ಅಡ್ಜಸ್ಟ್ ಮಾಡ್ಕೊಳ್ಳೋಣ" ಅನ್ನೋದು ಆ ದಿನ ಕೂತಿರೋ ಮ್ಯಾನೇಜರಿನ ಮಾತು. ಪಿಜಿ ಮ್ಯಾನೇಜರುಗಳು ಆಗಾಗ ಬದಲಾಗ್ತಾರೆ. ಮುಂದಿನವನು ಬೋರ್ಡ್ ತೋರಿಸ್ತಾನೆ. ಶಿಫ್ಟ್ ಇರೋರಿಗೆ ಪಿಜಿ ಏನು ಕೇಳುತ್ತೆ ಅಂತ ವಿಚಾರಿಸಿ. ಸರಿಯಾಗಿ ನಡೆಸೋರು ಕಂಪನಿ ಐಡಿ ಪ್ರತಿ, ಶಿಫ್ಟ್ ಟೈಮಿರೋ ಮೇಲ್ ಅಥವಾ ಎಚ್‌ಆರ್ ಪತ್ರ ತಗೊಂಡು ಲೇಟ್ ಎಂಟ್ರಿ ರಿಜಿಸ್ಟರಲ್ಲಿ ಹೆಸರು ಹಾಕ್ತಾರೆ. ಹಾಗೆ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಅದು ಒಳ್ಳೆ ಲಕ್ಷಣ. ಏನೂ ಕೇಳದೆ "ನೋ ಪ್ರಾಬ್ಲಂ" ಅಂದವರ ಹತ್ರ ಆಮೇಲೆ ಪ್ರಾಬ್ಲಂ.

ಇನ್ನೊಂದು, ಬೀಗ ಯಾರ ಹತ್ರ? ವಾಚ್‌ಮನ್ ಇದ್ದಾನಾ, ಇಲ್ಲಾ ಅಡುಗೆ ಹುಡುಗ್ರೇ ಗೇಟ್ ಹತ್ರ ಮಲಗ್ತಾರಾ? ಅಡುಗೆಯವರೇ ಆದ್ರೆ ಅವರು ಬೆಳಗ್ಗೆ 5ಕ್ಕೆ ಏಳೋರು, 11:20ಕ್ಕೆ ಹತ್ತು ನಿಮಿಷ ಗೇಟ್ ಬಡೀಬೇಕು. ಕ್ಯಾಬ್ ಡ್ರೈವರ್ ಅಷ್ಟು ಹೊತ್ತು ಕಾಯಲ್ಲ, ಮುಂದಿನ ಡ್ರಾಪ್ ಇರುತ್ತೆ. ರಾತ್ರಿ ಗೇಟ್ ತೆಗೆಯೋರ ನಂಬರ್ ಈಸ್ಕೊಂಡು ಅಲ್ಲೇ ನಿಂತು ಒಂದು ಮಿಸ್ಡ್ ಕಾಲ್ ಕೊಡಿ. ಯಾರ ಜೇಬಲ್ಲಿ ರಿಂಗ್ ಆಗುತ್ತೆ ನೋಡಿ.

ಹಾಗೇ ಒಳಗಿಂದ ಬೀಗ ಹಾಕಿದ ಮೇಲೆ ಬೆಂಕಿ ಗಿಂಕಿ ಆದ್ರೆ ಹೊರಗೆ ಬರೋದು ಹೇಗೆ ಅಂತಾನೂ ಕೇಳಿ. ಒಂದೇ ಮೆಟ್ಟಿಲು, ಕೆಳಗೆ ಗ್ರಿಲ್‌ಗೆ ಬೀಗ, ಕೀಲಿ ಒಬ್ಬನ ಸೊಂಟದಲ್ಲಿ ಅನ್ನೋ ಕಟ್ಟಡಕ್ಕೆ ಹುಡುಗಿ ಕಳಿಸ್ಬೇಡಿ ಅಂತ ನನ್ನ ಅಭಿಪ್ರಾಯ.

ಬೆಂಕಿಪಟ್ನ

ಇದೆಲ್ಲ ಯಾಕೆ ಭಯ ಪಡ್ತೀರಾ, ಕಾನೂನು ಇದೆ. 2024ರಲ್ಲಿ ಕೋರಮಂಗಲದ ಪಿಜಿ ಕೊಲೆ ಆದ ಮೇಲೆ ಆಗಿನ ಬಿಬಿಎಂಪಿ ರೂಲ್ಸ್ ತಂದಿತ್ತು. ಸಿಸಿಟಿವಿ ಇರ್ಬೇಕು, ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು. ಅಡ್ವಾನ್ಸೂ ಎರಡು ತಿಂಗಳಿಗಿಂತ ಜಾಸ್ತಿ ತಗೊಳ್ಳಂಗಿಲ್ಲ, ಹೊಸ ಟೆನೆನ್ಸಿ ಕಾಯ್ದೆ ಪ್ರಕಾರ ಖಾಲಿ ಮಾಡಿದ ದಿನವೇ ವಾಪಸ್ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಸ್ಟೇಷನ್‌ಗೆ ಹೋಗಿ ಒಂದು ಕಂಪ್ಲೇಂಟ್, ಅಷ್ಟೇ.

ಹುಬ್ಬಳ್ಳಿ ಗಿರ್ಮಿಟ್

ಬೆಂಕಿಪಟ್ನ ಅವರ, ಅರ್ಧ ಖರೆ ಐತ್ರಿ ನಿಮ್ಮ ಮಾತು. ಬಿಬಿಎಂಪಿ ನಿಯಮದ್ದು ಸರಿ ಐತಿ. ಆದ್ರ ಎರಡು ತಿಂಗಳ ಮಿತಿ ಇರೋದು 2021ರ ಮಾದರಿ ಬಾಡಿಗೆ ಕಾಯ್ದೆದಾಗ. ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟ, ರಾಜ್ಯ ತನ್ನ ಕಾಯ್ದೆ ಮಾಡ್ಕೊಂಡಾಗ ಮಾತ್ರ ಜಾರಿಗೆ ಬರ್ತದ. ಅದನ್ನ ತೋರ್ಸಿ ಪಿಜಿ ಮ್ಯಾನೇಜರ್‌ನ ಹೆದರ್ಸಾಕ ಹೋದ್ರ ಅವಾ ನಗ್ತಾನ. ಸ್ಟೇಷನ್‌ದಾಗೂ ಬಹುತೇಕ "ಇದು ಸಿವಿಲ್ ಮ್ಯಾಟರ್" ಅಂತ ಹೇಳಿ ಕಳಸ್ತಾರ. ಇಬ್ಬರನ್ನೂ ಕೂರ್ಸಿ ಮಾತಾಡ್ಸಿದ್ರ ಅದು ನಿಮ್ಮ ಪುಣ್ಯ.

70 ಚದರಡಿ ಲೆಕ್ಕ ಮಾತ್ರ ಉಪಯೋಗಕ್ಕ ಬರ್ತದ. ಡಬಲ್ ಶೇರಿಂಗ್ ಅಂದ್ರ ಖೋಲಿ 140 ಚದರಡಿ ಇರ್ಬೇಕು. 10ಕ್ಕ 12 ಖೋಲಿ 120 ಆತು, ಕಡಿಮಿ ಬಿತ್ತು. ನೋಡಾಕ ಹೋದಾಗ ಹೆಜ್ಜಿ ಹಾಕಿ ಅಳೀರಿ. ಸಣ್ಣದಿದ್ರ ಜಗಳ ಮಾಡಂತಲ್ಲ, ಬಾಡಿಗಿ ಚೌಕಾಶಿಗೆ ಒಂದು ಮಾತು ಸಿಗ್ತದ.

ಈಗ ನೋಟಿಸ್ ಮತ್ತ ಅಡ್ವಾನ್ಸ್. ಇದು ಲೆಕ್ಕದ ವಿಷಯ, ನಿಮ್ಮ ಅಂಕಿನ ಹಿಡಿದು ಮಾಡಿ ತೋರಸ್ತೀನಿ. ಬಾಡಿಗಿ 9,000, ಅಡ್ವಾನ್ಸ್ 9,000, ಖಾಲಿ ಮಾಡುವಾಗ ಮೇಂಟೆನೆನ್ಸ್ ಅಂತ 2,000 ಮುರಕೋತಾರ ಅಂತ ಇಟ್ಕೊಳ್ರಿ. "ಒಂದು ತಿಂಗಳ ನೋಟಿಸ್" ಅಂತ ಎಲ್ಲಾರೂ ಅಂತಾರ. ನಿಮ್ಮ ತಂಗಿ ಜೂನ್ 10ಕ್ಕ "ಬಿಡ್ತೀನಿ" ಅಂತ ಹೇಳ್ತಾಳ. ಮುಂದೇನು?

ಒಂದು ಥರದ ಪಿಜಿ ಹೇಳಿದ ದಿನದಿಂದ 30 ದಿನ ಎಣಸ್ತದ. ಜುಲೈ 10ಕ್ಕ ಮುಗೀತು. ಜುಲೈದ 10 ದಿನಕ್ಕ 9,000ನ 31ರಿಂದ ಭಾಗಿಸಿ 10ರಿಂದ ಗುಣಿಸಿದ್ರ 2,903 ರೂಪಾಯಿ. ಅದನ್ನ ಕೊಟ್ಟು ಹೊಂಟ್ರ ಅಡ್ವಾನ್ಸಿನಾಗ 7,000 ವಾಪಸ್.

ಇನ್ನೊಂದು ಥರದ ಪಿಜಿದಾಗ ನೋಟಿಸ್ ತಿಂಗಳ 1ರಿಂದ 5ರೊಳಗ ಕೊಟ್ರ ಮಾತ್ರ ಆ ತಿಂಗಳಿಗೆ ನಡೀತದ. 10ಕ್ಕ ಹೇಳಿದ್ದು ಜುಲೈ 1ಕ್ಕ ಹೇಳಿದಂಗ ಲೆಕ್ಕ. ಜುಲೈ ಪೂರಾ 9,000 ಕಟ್ಟಬೇಕು, ಆಮ್ಯಾಲೆ 7,000 ವಾಪಸ್. ಹೇಳಿದ ತಾರೀಖು ಒಂದ, "ಒಂದು ತಿಂಗಳು" ಅನ್ನೋ ಮಾತೂ ಒಂದ, ಕಿಸೆಗೆ ಬಿದ್ದ ಹೊರಿ ಮಾತ್ರ 6,097 ರೂಪಾಯಿ ಹೆಚ್ಚು.

ಜೂನ್ 30ಕ್ಕ ಬಿಟ್ಟು ಹೋದ್ರ? ಮೊದಲನೇ ಥರದಾಗ 10 ದಿನ ಕಡಿಮಿ ಬಿದ್ದದ್ದು, ಮೇಂಟೆನೆನ್ಸು ಎರಡೂ ಮುರದು 4,097 ಬರಬೇಕು. ಎರಡನೇ ಥರದಾಗ ಅಡ್ವಾನ್ಸ್ ಪೂರಾ ಹೋತು.

ಮೊದಲನೇ ಥರದಾಗೂ ಒಂದು ಗುಂಡಿ ಐತಿ. ಆ 10 ದಿನಕ್ಕ ತಿಂಗಳ ಬಾಡಿಗಿ ಪ್ರಕಾರ ಲೆಕ್ಕ ಹಾಕ್ತಾರೋ, ದಿನದ ರೇಟ್ ಹಾಕ್ತಾರೋ? ದಿನಕ್ಕ 500 ಅಂದ್ರ 2,903 ಹೋಗಿ 5,000 ಆತು. ಆದ್ದರಿಂದ "ನೋಟಿಸ್ ಎಷ್ಟು" ಅಂತ ಕೇಳಬ್ಯಾಡ್ರಿ. "10ನೇ ತಾರೀಖು ಹೇಳಿದ್ರ ಯಾವ ತಾರೀಖಿಗೆ ಬಿಡಬಹುದು, ಒಟ್ಟು ಎಷ್ಟು ಕಟ್ಟಬೇಕು, ಎಷ್ಟು ವಾಪಸ್ ಬರ್ತದ" ಅಂತ ಕೇಳ್ರಿ. ಅವರ ಬಾಯಿಂದ ಅಂಕಿ ಹೊರಗ ಬರ್ಬೇಕು.

ಗೇಟ್ ಕೀಲಿಕೈ

ಗಿರ್ಮಿಟ್ ಸರ್ ಲೆಕ್ಕ ಸರಿ. ಪಿಜಿ ಕಡೆಯ ಮಾತನ್ನೂ ಒಂದು ಹೇಳ್ಬೇಕು. ಹೊಸಬರು ಪಿಜಿ ಹುಡುಕೋದು ತಿಂಗಳ ಕೊನೇ ವಾರ, ಮೊದಲ ವಾರ. 10ಕ್ಕೆ ಖಾಲಿಯಾದ ಬೆಡ್ಡು ಮುಂದಿನ 1ರ ತನಕ ಖಾಲಿ ಬೀಳೋ ಸಂಭವ ಜಾಸ್ತಿ. ಕಟ್ಟಡದ ಬಾಡಿಗೆ, ಅಡುಗೆಯವರ ಸಂಬಳ ನಿಲ್ಲಲ್ಲ. 5ನೇ ತಾರೀಖಿನ ನಿಯಮ ಹುಟ್ಟಿದ್ದು ಹೀಗೆ. ನಿಯಮ ಇರ್ಲಿ, ಆದ್ರೆ ಸೇರಿಸ್ಕೊಳ್ಳುವಾಗಲೇ ಬಾಯಿಬಿಟ್ಟು ಹೇಳ್ಬೇಕು. ಹೇಳದೇ ಇರೋದೇ ತಪ್ಪು.

ನೋಟಿಸನ್ನ ಯಾವ ದಾರೀಲಿ ಕೊಟ್ರೆ ಲೆಕ್ಕಕ್ಕೆ ಬರುತ್ತೆ ಅಂತಾನೂ ಕೇಳಿ. ಕೆಲವು ದೊಡ್ಡ ಪಿಜಿಗಳಲ್ಲಿ ಆ್ಯಪ್‌ನಲ್ಲಿ ಹಾಕಿದ್ರೆ ಮಾತ್ರ ನೋಟಿಸು. ಮ್ಯಾನೇಜರಿಗೆ ಬಾಯಲ್ಲಿ ಹೇಳಿ, ಅವನು "ಆಯ್ತಮ್ಮ" ಅಂದು, ತಿಂಗಳಾದ ಮೇಲೆ "ಸಿಸ್ಟಮ್‌ನಲ್ಲಿ ಇಲ್ಲ" ಅನ್ನೋದು ನಿತ್ಯದ ಜಗಳ.

ಕುಡ್ಲದ ಕುವರಿ

ಬಟ್ಟೆ ಮತ್ತೆ ವಿಸಿಟರ್ಸ್ ಬಗ್ಗೆ ಗಂಡಸರು ಯಾರೂ ಬರೆಯುವ ಹಾಗೆ ಕಾಣುವುದಿಲ್ಲ, ನಾನೇ ಬರೆಯುತ್ತೇನೆ ಮಾರಾಯ್ರೆ.

ವಾಷಿಂಗ್ ಮಿಷನ್ ಎಷ್ಟು ಉಂಟು ಅಂತ ಅಲ್ಲ, ಎಷ್ಟು ಜನಕ್ಕೆ ಎಷ್ಟು ಉಂಟು ಅಂತ ಕೇಳಬೇಕು. 60 ಜನಕ್ಕೆ ಎರಡು ಮಿಷನ್ ಅಂದರೆ ಒಂದಕ್ಕೆ 30 ಜನ. ಒಂದು ಸಲಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ, ಎಲ್ಲರೂ ಒಗೆಯುವುದು ಶನಿವಾರ, ಭಾನುವಾರ. ಫ್ಲೋರಿಗೆ ಇಂಥಾ ವಾರ ಅಂತ ಸರದಿ ಹಾಕಿದ್ದರೆ ನಿಮ್ಮ ತಂಗಿಗೆ ಒಳ್ಳೆಯದೇ, ವಾರದ ದಿನ ಬೆಳಗ್ಗೆ 10ರಿಂದ 12 ಅವಳಿಗೆ ಬಿಡುವು, ಉಳಿದವರು ಆಫೀಸಿನಲ್ಲಿ ಇರುತ್ತಾರೆ. ಆದರೆ ಸರದಿಯ ದಿನ ಮಿಷನ್ ಕೆಟ್ಟರೆ ಏನು? ರಿಪೇರಿಯವನು ಬರುವವರೆಗೆ ಬಕೆಟ್, ಒಗೆಯುವ ಕಲ್ಲು ಉಂಟಾ, ಬಾತ್‌ರೂಮಿನಲ್ಲಿ ಒಗೆಯಲು ಬಿಡುತ್ತಾರಾ? ಬಹಳ ಕಡೆ ಬಿಡುವುದಿಲ್ಲ, ನೂಲು ಹೋಗಿ ಡ್ರೈನ್ ಕಟ್ಟುತ್ತದೆ ಅಂತ.

ನೀರು ನೋಡಿ. ಆ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಜಾಸ್ತಿ, ಗಡುಸು. ಮಿಷನ್ನಿನ ಬಾಗಿಲು ತೆಗೆದು ರಬ್ಬರಿನ ಸುತ್ತ ಬೆರಳು ಆಡಿಸಿ. ಬಿಳಿ ಸುಣ್ಣದ ಹಾಗೆ ಗಟ್ಟಿಯಾಗಿ ಹಿಡಿದಿದ್ದರೆ ಆ ನೀರಲ್ಲಿ ಸೋಪು ನೊರೆ ಬರುವುದಿಲ್ಲ, ಬಿಳಿ ಬಟ್ಟೆ ನಾಲ್ಕು ಒಗೆತಕ್ಕೆ ಮಂಕಾಗುತ್ತದೆ. ನೊರೆ ಬಂದಿಲ್ಲ ಅಂತ ಪೌಡರ್ ಜಾಸ್ತಿ ಹಾಕಬೇಡಿ, ಅದು ಬಟ್ಟೆಯಲ್ಲೇ ಉಳಿದು ಕೈ ತುರಿಸುತ್ತದೆ. ಲಿಕ್ವಿಡ್ ಹಾಕಿ, ಒಂದು ಸಲ ಜಾಸ್ತಿ ಜಾಲಿಸಿ.

ಒಣಗಿಸುವುದು ಎಲ್ಲಿ? ಟೆರೇಸ್ ಅಂದರೆ ಅದಕ್ಕೆ ಬೀಗ ಎಷ್ಟು ಗಂಟೆಗೆ ಅಂತ ಕೇಳಿ. ಸಂಜೆ 7ಕ್ಕೆ ಬೀಗ ಹಾಕಿದರೆ, 12ಕ್ಕೆ ಬಟ್ಟೆ ಹಾಕಿ ಹೋದವಳಿಗೆ ರಾತ್ರಿ 11ಕ್ಕೆ ತೆಗೆಯಲು ಆಗುವುದಿಲ್ಲ. ಸಂಜೆ ಮಳೆ ಬಂದರೆ ಪುನಃ ಒಗೆಯಬೇಕು. ರೂಮ್‌ಮೇಟ್ ತೆಗೆದಿಟ್ಟರೆ ಸರಿ, ಇಲ್ಲದಿದ್ದರೆ ರೂಮಿನ ಬಾಲ್ಕನಿಯಲ್ಲಿ ಮಡಚುವ ಸ್ಟ್ಯಾಂಡ್ ಇಡಲು ಜಾಗ ಉಂಟಾ ನೋಡಿ. ಇಸ್ತ್ರಿಪೆಟ್ಟಿಗೆಯನ್ನು ರೂಮಿನಲ್ಲಿ ಹಾಕಲು ಬಿಡುವುದಿಲ್ಲ ಹೆಚ್ಚಿನ ಕಡೆ.

ವಿಸಿಟರ್ಸ್: ಲೇಡೀಸ್ ಪಿಜಿಯಲ್ಲಿ ಅಪ್ಪ, ಅಣ್ಣ ರಿಸೆಪ್ಷನ್ನಿನವರೆಗೆ. ಸಾಮಾನು ಹಾಕುವ ದಿನ ಮಾತ್ರ ಒಬ್ಬರು ಜೊತೆಗೆ ಬಂದು ಮೇಲೆ ಬಿಡುತ್ತಾರೆ, ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ, ಟ್ರಂಕು ಹಿಡಿದು ಕೆಳಗೆ ನಿಲ್ಲುವುದು ಬೇಡ. ಅಮ್ಮ ಬಂದರೆ ರಾತ್ರಿ ಉಳಿಯಲು ಆಗುತ್ತದೆಯಾ, ದಿನಕ್ಕೆ ಎಷ್ಟು, ಊಟ ಸೇರಿಯಾ ಬಿಟ್ಟಾ, ಎಷ್ಟು ರಾತ್ರಿವರೆಗೆ? ಇಷ್ಟು ಎಲ್ಲರೂ ಕೇಳುತ್ತಾರೆ. ಯಾರೂ ಕೇಳದ ಪ್ರಶ್ನೆ ಅಂದರೆ ರೂಮ್‌ಮೇಟಿನ ಅಮ್ಮ, ಅಕ್ಕ ಬಂದರೆ ಮಲಗುವುದು ಎಲ್ಲಿ? ಡಬಲ್ ಶೇರಿಂಗಿಗೆ ದುಡ್ಡು ಕೊಟ್ಟು ವಾರಗಟ್ಟಲೆ ಮೂವರು ಇರಬೇಕಾದರೆ ನಮ್ಮ ಒಪ್ಪಿಗೆ ಕೇಳುತ್ತಾರಾ? ಅತಿಥಿಯ ದುಡ್ಡು ಹೋಗುವುದು ಪಿಜಿಗೆ, ಬಾತ್‌ರೂಮಿಗೆ ಕಾಯುವುದು ನಾವು.

ಸಾಗರದ ಸೀಮೆ

ಮೇಡಂ, ಟೆರೇಸ್ ಬೀಗದ ವಿಷಯ ತಂಗಿಗೆ ಓದಿ ಹೇಳಿದೆ, ನಕ್ಕಳು. ಇನ್ನು ಅಡ್ವಾನ್ಸ್ ವಾಪಸ್ ಬಗ್ಗೆ. ಒಂದು ಪಿಜಿಯವರು ಈಗಲೇ 2,000 ಟೋಕನ್ ಹಾಕಿ, ಬೆಡ್ ಹಿಡೀತೀವಿ ಅಂತಿದ್ದಾರೆ. ಹಾಕಲಾ?

ಗೇಟ್ ಕೀಲಿಕೈ

ನೋಡದೆ ಹಾಕ್ಬೇಡಿ. ಟೋಕನ್ ಸಾಮಾನ್ಯವಾಗಿ ವಾಪಸ್ ಬರಲ್ಲ. ಹಾಕ್ಲೇಬೇಕು ಅಂದ್ರೆ ಅದು ಅಡ್ವಾನ್ಸಿನಲ್ಲಿ ವಜಾ ಆಗುತ್ತಾ, ಯಾವ ತಾರೀಖಿನವರೆಗೆ ಬೆಡ್ ಹಿಡೀತಾರೆ, ಬೆಡ್ ಕೊಡದಿದ್ರೆ ಟೋಕನ್ ವಾಪಸ್ಸಾ, ಮೂರನ್ನೂ ಬರೆಸ್ಕೊಳ್ಳಿ.

ಅಡ್ವಾನ್ಸ್ ವಾಪಸ್ ಬಾರದ ಕೇಸುಗಳಲ್ಲಿ ಮೋಸಕ್ಕಿಂತ ಜಾಸ್ತಿ ಕಾಣೋದು ಕೈ ಬದಲಾವಣೆ. ಕಟ್ಟಡ ಒಬ್ಬರದು. ಅದನ್ನ ಲೀಸಿಗೆ ಹಿಡಿದು ಪಿಜಿ ನಡೆಸೋರು ಇನ್ನೊಬ್ಬರು. ಮ್ಯಾನೇಜರ್ ಮೂರನೆಯವನು. ನಡೆಸೋರಿಗೆ ನಷ್ಟ ಆದ್ರೆ ಪಿಜಿಯನ್ನ ಜನರ ಸಮೇತ ಬೇರೆಯವರಿಗೆ ವಹಿಸಿ ಹೋಗ್ತಾರೆ. ಬೋರ್ಡ್ ಬದಲಾಗುತ್ತೆ, ಅಡುಗೆ ರುಚಿ ಬದಲಾಗುತ್ತೆ. ಆರು ತಿಂಗಳ ಮೇಲೆ ಖಾಲಿ ಮಾಡೋಕೆ ಹೋದ್ರೆ "ಅಡ್ವಾನ್ಸ್ ನಮ್ಮ ಕೈಗೆ ಬಂದಿಲ್ಲ, ಹಳಬರನ್ನ ಕೇಳಿ" ಅಂತಾರೆ. ಹಳಬರ ನಂಬರ್ ಸ್ವಿಚ್ ಆಫ್.

ಅದಕ್ಕೆ ದುಡ್ಡು ಹಾಕೋ ಮೊದಲು ಯುಪಿಐ ಸ್ಕ್ಯಾನ್ ಮಾಡಿದಾಗ ಬರೋ ಹೆಸರು ನೋಡಿ. ಪಿಜಿ ಹೆಸರಾ, ಮಾಲೀಕರ ಹೆಸರಾ, ಇಲ್ಲಾ ಮ್ಯಾನೇಜರಿನ ಸ್ವಂತ ಹೆಸರಾ? ಮ್ಯಾನೇಜರ್ ಹೆಸರಾದ್ರೆ ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಅಡ್ವಾನ್ಸು, ಬಾಡಿಗೆ ಒಂದೇ ಸಲ 18,000 ಹಾಕ್ಬೇಡಿ, 9,000 ಎರಡು ಸಲ ಹಾಕಿ, ಒಂದರ ಟಿಪ್ಪಣೀಲಿ ಅಡ್ವಾನ್ಸ್ ಅಂತ ಬರೀರಿ. ಆಮೇಲೆ "ಅದು ಬಾಡಿಗೆ ಇತ್ತು" ಅನ್ನೋಕೆ ಆಗಲ್ಲ. ರಸೀದಿ ಪುಸ್ತಕದ ಚೀಟೀಲಿ ಬೆಡ್ ನಂಬರು, ಸೇರಿದ ತಾರೀಖು, ಮುರಿಯೋ ಮೊತ್ತ ಇರ್ಲಿ. ರಸೀದಿ ಹಿಂದೆ ಸಣ್ಣಕ್ಷರದ ನಿಯಮ ಇರುತ್ತೆ, ಅದರ ಫೋಟೊನೂ ತೆಗೀರಿ, "ಅಡ್ವಾನ್ಸ್ ರಿಫಂಡ್ ಇಲ್ಲ" ಅಂತ ಹಿಂದೆ ಅಚ್ಚಾಗಿರೋ ಚೀಟಿಗಳೂ ಇವೆ. ಬೋರ್ಡ್ ಬದಲಾದ ವಾರವೇ ಹೊಸಬರಿಗೆ ಆ ರಸೀದಿ ಕಳಿಸಿ, "ಈ ಅಡ್ವಾನ್ಸ್ ನಿಮ್ಮ ಲೆಕ್ಕಕ್ಕೆ ಬಂದಿದೆ ಅಂತ ತಿಳಿಸಿ" ಅಂತ ಉತ್ತರ ಬರೆಸ್ಕೊಳ್ಳಿ. ಆಗ ಅವರಿಗೂ ಜನ ಉಳೀಬೇಕಾಗಿರುತ್ತೆ, ಒಪ್ಕೋತಾರೆ. ಖಾಲಿ ಮಾಡೋ ದಿನ ಒಪ್ಪಲ್ಲ.

ಆಧಾರ್ ಪ್ರತಿ ಕೇಳ್ತಾರೆ, ಕೊಡ್ಬೇಕು. ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಆಧಾರ್ ವೆಬ್‌ಸೈಟಲ್ಲೇ ಸಿಗುತ್ತೆ. ಜೆರಾಕ್ಸ್ ಮೇಲೆ "ಪಿಜಿ ಪ್ರವೇಶಕ್ಕೆ ಮಾತ್ರ" ಅಂತ ಅಡ್ಡ ಬರೆದು ತಾರೀಖು ಹಾಕಿ.

ಹುಬ್ಬಳ್ಳಿ ಗಿರ್ಮಿಟ್

ಇನ್ನೊಂದು ಮಾತು ಸೇರಸ್ತೀನಿ. ನೋಡಿ ಬಂದ ಮ್ಯಾಲೆ, ರೊಕ್ಕ ಹಾಕೋಕ್ಕಿಂತ ಮೊದಲ ವಾಟ್ಸಾಪ್‌ನಾಗ ಒಂದು ಮೆಸೇಜ್ ಹಾಕ್ರಿ. ಜಗಳದ ಧಾಟಿ ಬ್ಯಾಡ, ನೆನಪಿಗೆ ಅನ್ನೋ ಧಾಟಿ. ಹಿಂಗ:

"ಸರ್, ಇವತ್ತು ಮಾತಾಡಿದ್ದು ನೆನಪಿಗೆ ಹಾಕ್ತಿದೀನಿ. ಡಬಲ್ ಶೇರಿಂಗ್, ಬಾಡಿಗೆ 9,000, ಅಡ್ವಾನ್ಸ್ 9,000. ಖಾಲಿ ಮಾಡುವಾಗ 2,000 ಮುರಿದು 7,000 ವಾಪಸ್, ಖಾಲಿ ಮಾಡಿದ ದಿನವೇ. ನೋಟಿಸ್ ಯಾವ ತಾರೀಖಿಗೆ ಕೊಟ್ಟರೂ ಅಲ್ಲಿಂದ 30 ದಿನ, ಉಳಿದ ದಿನಕ್ಕೆ ತಿಂಗಳ ಬಾಡಿಗೆ ಲೆಕ್ಕದಲ್ಲೇ. ಶಿಫ್ಟ್ ಇರೋದ್ರಿಂದ ರಾತ್ರಿ 11:30ರವರೆಗೆ ಎಂಟ್ರಿ, ಡಬ್ಬೀಲಿ ಊಟ ತೆಗೆದಿಡ್ತೀರಿ. ಇದು ಸರಿಯಾ ಸರ್?"

ಉತ್ತರದಾಗ ಬರೇ ಥಂಬ್ಸ್ ಅಪ್ ಗುರುತು ಬಂದ್ರೂ ನಡೀತದ, "ಓಕೆ" ಬಂದ್ರ ಇನ್ನೂ ಛಲೋ. ನೋಡಿ ಸುಮ್ಮನಿದ್ದು, ಫೋನ್ ಮಾಡಿ "ಅದೆಲ್ಲಾ ಬರೆಯೋದ್ಯಾಕ ಸರ್, ನಂಬಿಕಿ ಇಡ್ರಿ" ಅಂದ್ರ ಆ ಪಿಜಿ ಬಿಟ್ಟು ಮುಂದಿಂದಕ್ಕ ಹೋಗ್ರಿ.

ಕೊಡ್ಲಿಲ್ಲಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕ ಹೋದ್ರ, ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ರ ಫೀ ಇಲ್ಲ. ಆ ವಾಟ್ಸಾಪ್ ಮೆಸೇಜು, ಯುಪಿಐ ಚೀಟಿ ಇಲ್ಲಿ ಕೆಲಸಕ್ಕ ಬರ್ತಾವ.

ಬೆಂಕಿಪಟ್ನ

7,000ಕ್ಕೆ ಯಾರ್ರೀ ಆಯೋಗಕ್ಕೆ ಅಲೀತಾರೆ? ಅಲ್ಲದೆ ಆ 2,000 ಮೇಂಟೆನೆನ್ಸ್ ಅನ್ನೋದೇ ಅನ್ಯಾಯ. ತಿಂಗಳು ತಿಂಗಳು ಬಾಡಿಗೆ ತಗೊಂಡು ಕೊನೆಗೆ ಯಾವುದರ ಮೇಂಟೆನೆನ್ಸು? ರೂಮಿಗೆ ಪೇಂಟ್ ಹೊಡೆದಿದ್ದನ್ನ ಯಾರಾದ್ರೂ ನೋಡಿದ್ದೀರಾ?

ಗೇಟ್ ಕೀಲಿಕೈ

ಪೇಂಟ್ ಹೊಡೆಯಲ್ಲ, ಒಪ್ತೀನಿ. ಹಾಸಿಗೆ, ಗೀಸರ್, ಬೀಗ ಅಂತ ಖರ್ಚು ಇರುತ್ತೆ, ಆದ್ರೆ 2,000 ಆಗುತ್ತೆ ಅಂತ ನಾನೂ ವಾದ ಮಾಡಲ್ಲ. ಚೀಟೀಲಿ ಬರೆದು ನೀವು ಒಪ್ಪಿ ಸೇರಿದ್ರೆ ಆಮೇಲೆ ಜಗಳಕ್ಕೆ ಬಲ ಇರಲ್ಲ. ಸೇರುವಾಗಲೇ ಇಳಿಸೋದು ಸುಲಭ. ಮಧ್ಯ ತಿಂಗಳಲ್ಲಿ ಖಾಲಿ ಬೆಡ್ ಇದ್ದಾಗ 2,000ವನ್ನ 1,000ಕ್ಕೆ ತರಬಹುದು. 1ನೇ ತಾರೀಖು ಆಗಲ್ಲ, ಬಾಗಿಲಲ್ಲಿ ಇನ್ನಿಬ್ಬರು ಸೂಟ್‌ಕೇಸ್ ಹಿಡಿದು ನಿಂತಿರ್ತಾರೆ.

ಬೆಂಕಿಪಟ್ನ

ಒಪ್ಪಿದ ಮಾತ್ರಕ್ಕೆ ನ್ಯಾಯ ಆಗಲ್ಲ. ಎಲ್ಲಾ ಪಿಜೀಲೂ ಅದೇ ಚೀಟಿ ಇದ್ರೆ ಒಪ್ಪದೆ ಎಲ್ಲಿಗೆ ಹೋಗೋದು?

ಹುಬ್ಬಳ್ಳಿ ಗಿರ್ಮಿಟ್

ಅದೂ ಖರೆ ಐತ್ರಿ.

ಕುಡ್ಲದ ಕುವರಿ

ಸಾಗರದವರೇ, ಒಂದು ಬಿಟ್ಟುಹೋಯಿತು. ಸೇರುವ ದಿನ ರೂಮಿನ ವಿಡಿಯೋ ತೆಗೆಯಲಿಕ್ಕೆ ತಂಗಿಗೆ ಹೇಳಿ. ಗೋಡೆಯ ಕಲೆ, ಹಾಸಿಗೆ, ಕಪಾಟಿನ ಬಾಗಿಲು, ಫ್ಯಾನಿನ ರೆಗ್ಯುಲೇಟರ್. ಅದೇ ದಿನ ಮ್ಯಾನೇಜರಿಗೆ ಕಳಿಸಿಬಿಡಲಿ. ಖಾಲಿ ಮಾಡುವಾಗ 2,000 ಅಲ್ಲದೆ "ಕಪಾಟು ಮುರಿದಿದೆ" ಅಂತ ಇನ್ನೂ 500 ಹಿಡಿಯುತ್ತಾರೆ. ಆ ಕಪಾಟು ಮುರಿದದ್ದು ಮೊದಲು ಇದ್ದವರ ಕಾಲದಲ್ಲಿ.

ಸಾಗರದ ಸೀಮೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಿರ್ಮಿಟ್ ಸರ್ ಬರೆದ ಮೆಸೇಜನ್ನ ಮೂರೂ ಪಿಜಿಗೆ ಈಗಲೇ ಪ್ರಶ್ನೆ ರೂಪದಲ್ಲಿ ಕಳಿಸಿದೆ. ಒಬ್ಬರು "ನೋಟಿಸ್ 1ರಿಂದ 5ರೊಳಗೆ ಮಾತ್ರ, 11ರ ಮೇಲೆ ಎಂಟ್ರಿ ಇಲ್ಲ" ಅಂತ ನೇರ ಬರೆದರು. ಅದು ಲಿಸ್ಟಿಂದ ಹೋಯ್ತು, ಆದ್ರೆ ಸತ್ಯ ಹೇಳಿದ್ದಕ್ಕೆ ಬೇಜಾರಿಲ್ಲ. ಇನ್ನೊಬ್ಬರು 30 ದಿನದ ಲೆಕ್ಕ ಒಪ್ಪಿ, ಅಡ್ವಾನ್ಸ್ ಮಾತ್ರ ಖಾಲಿ ಮಾಡಿದ 7 ದಿನಕ್ಕೆ ಅಂದ್ರು. ಮೂರನೆಯವರು ನೋಡಿದ್ದಾರೆ, ಉತ್ತರ ಇಲ್ಲ. ಶನಿವಾರ ರಾತ್ರಿ 9:30ಕ್ಕೆ ಎರಡನೇದಕ್ಕೆ ಹೋಗ್ತೀನಿ. ಒಂದು ಸಂಶಯ: 7 ದಿನ ಅಂದ್ರೆ ತೊಂದರೆ ಇದೆಯಾ?

ಗೇಟ್ ಕೀಲಿಕೈ

ಕೀಲಿ ವಾಪಸ್ ಕೊಟ್ಟು ಹೊರಗೆ ಬಂದ ಮೇಲೆ ನಿಮ್ಮ ಕೈಲಿ ಏನೂ ಹಿಡಿತ ಇರಲ್ಲ, ತೊಂದರೆ ಅಷ್ಟೇ. ಖಾಲಿ ಮಾಡೋ ಹಿಂದಿನ ದಿನ ರೂಮ್ ತೋರಿಸಿ, ಮುರಿಯೋ ಮೊತ್ತ ಅವತ್ತೇ ಪಕ್ಕಾ ಮಾಡಿಸಿ, "ಒಟ್ಟು 7,000 ಇಂಥಾ ತಾರೀಖಿಗೆ" ಅಂತ ಮೆಸೇಜ್ ತಗೊಂಡು ಆಮೇಲೆ ಕೀಲಿ ಕೊಡಿ. ತಾರೀಖು ಇಲ್ಲದೆ ಬರೀ "7 ದಿನ" ಅಂತ ಬರೆದ್ರೆ, ಆ ಏಳು ದಿನ ಎಂದಿಂದ ಶುರು ಅನ್ನೋದೇ ಮುಂದಿನ ಜಗಳ ಆಗುತ್ತೆ.

ನೈಟ್ ಶಿಫ್ಟ್ ನಾಣಿ

ಕೀಲಿಕೈ ಸರ್, ಸೂಪರ್‌ವೈಸರಿಗೆ ಹೇಳಿದೆ. ಸಂಜೆ 4ಕ್ಕೆ ಗುಡಿಸೋರು ಇಲ್ವಂತೆ, ಅವರ ಡ್ಯೂಟಿ 2ಕ್ಕೇ ಮುಗಿಯುತ್ತಂತೆ. ಬೇರೆ ಏನಾದ್ರೂ ಇದೆಯಾ?